ನಗುವುದನ್ನು ಕಲಿಸಿದ ಸ್ಟುಡಿಯೋ

ನನಗೆ ಹತ್ತು ವರ್ಷವಾಗಿದ್ದಾಗ ಸೋದರಮಾವನ ಮಗ ಎಲ್ಲರೆದುರು ನನ್ನನ್ನು ‘ಅಲ್ಲುಬ್ಬಿ’ ಅಂತ ಕರೆದ. ನನ್ನ ಮುಂದಿನ ಎರಡು ಹಲ್ಲು ಕೊಂಚ ಹೊರಕ್ಕೆ ಬಂದಿದ್ದವು, ಅಷ್ಟೇ. ಜಗಲಿಯ ಮೇಲೆ ಕೂತಿದ್ದ ನೆಂಟರೆಲ್ಲ ನಕ್ಕರು. ಅವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವರು ಅದನ್ನು ಮರೆತೂ ಬಿಟ್ಟಿದ್ದರು. ನಾನು ಮಾತ್ರ ಮರೆಯಲಿಲ್ಲ. ಅವತ್ತಿನಿಂದ ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚುವುದು ಅಂದರೆ ಮಾತು ಬಿಡುವುದಲ್ಲ. ಮುಂದೆ ಬಂದ ಹಲ್ಲಿನ ಮೇಲೆ ತುಟಿ ಎಳೆದು ಮುಚ್ಚಬೇಕಾದರೆ ಕೆಳತುಟಿಯನ್ನು ಮೇಲಕ್ಕೆ ತಳ್ಳಬೇಕು, ಗದ್ದ ಗಂಟು ಕಟ್ಟಬೇಕು, ದವಡೆ ಬಿಗಿಯಬೇಕು. ಇಷ್ಟೆಲ್ಲ ಮಾಡುವಾಗ ಹುಬ್ಬು ತಾನಾಗಿಯೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಅದೇ ನನ್ನ ಮುಖವಾಯಿತು. ಯಳಂದೂರಿನ ಹತ್ತಿರದ ನಮ್ಮ ಊರಿನಲ್ಲಿ ಅದರಿಂದ ತೊಂದರೆಯೇನೂ ಆಗಲಿಲ್ಲ. ಅಲ್ಲಿ ಎಲ್ಲರೂ ನನ್ನನ್ನು ತೊಟ್ಟಿಲಿನಿಂದ ನೋಡಿದವರು. ‘ಗೌಡರ ಮಗಳು ಬಲೇ ಗಂಭೀರ’ ಅಂತ ಹೊಗಳುವವರೂ ಇದ್ದರು. ತೊಂದರೆ ಶುರುವಾದದ್ದು ನಾನು ಸೂಲಗಿತ್ತಿ ನರ್ಸಿನ ತರಬೇತಿ ಮುಗಿಸಿ ಹನೂರಿಗೆ ಕೆಲಸಕ್ಕೆ ಹೋದಾಗ.

ಕೊಳ್ಳೇಗಾಲದ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಆರೇಳು ವರ್ಷವಾಗಿತ್ತು. ಹನೂರಿನ ಹೆರಿಗೆ ಆಸ್ಪತ್ರೆ ಅಂದರೆ ಹೆಂಚಿನ ಎರಡು ಕೋಣೆ, ಒಂದು ವರಾಂಡ, ಮುಂದೆ ಒಂದು ಹೊಂಗೆಮರ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ಇದ್ದವರು ನಾನು ಮತ್ತು ಆಯಾ. ಆಯಾಗೆ ಐವತ್ತರ ಮೇಲಾಗಿತ್ತು. ಸುತ್ತಿನ ಹಳ್ಳಿಗಳ ಅರ್ಧ ಜನ ಅವಳ ಕೈಯಲ್ಲೇ ನೀರು ಹಾಕಿಸಿಕೊಂಡು ಬೆಳೆದವರು. ನನಗೆ ಇಪ್ಪತ್ತೆರಡು. ಬಿಳಿ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಕೊಂಡು, ಕತ್ತರಿ ಬಟ್ಟೆಯನ್ನೆಲ್ಲ ಕುದಿಸಿ ಜೋಡಿಸಿಟ್ಟು, ಬರುವ ಬಸುರಿಯರಿಗಾಗಿ ಕಾದು ಕೂತೆ.

ಬಂದರು. ಒಂದು ಸಲ ಬಂದರು. ಎರಡನೆಯ ಸಲ ಬರಲಿಲ್ಲ.

ಮೊದಲ ಎರಡು ತಿಂಗಳು ನಾನು ಅದಕ್ಕೆ ಏನೇನೋ ಕಾರಣ ಹುಡುಕಿದೆ. ರಾಗಿ ಕುಯ್ಲಿನ ಕಾಲ, ಪುರುಸೊತ್ತಿಲ್ಲ ಅಂದುಕೊಂಡೆ. ಸೂಜಿ ಅಂದರೆ ಹೆದರಿಕೆ ಅಂದುಕೊಂಡೆ. ಒಂದು ದಿನ ಬೆಳಗ್ಗೆ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಕಿಟಕಿಯ ಆಚೆ ಮಾತು ಕೇಳಿಸಿತು. ಹಿಂದಿನ ವಾರ ಚೊಚ್ಚಲ ಬಸುರಿ ಸೊಸೆಯನ್ನು ಕರೆದುಕೊಂಡು ಬಂದಿದ್ದ ಒಬ್ಬ ಅತ್ತೆ, ಹೊಂಗೆಮರದ ಕೆಳಗೆ ಆಯಾಳ ಹತ್ತಿರ ಪಿಸುಗುಡುತ್ತಿದ್ದಳು.

“ನೀನೇ ಮನೆ ತಾವ್ ಬಂದು ನೋಡ್ಬುಡು ಕಣಕ್ಕ. ಆ ನರ್ಸಮ್ಮನ್ ತಾವ್ಕೆ ಬರೋಕೆ ನಮ್ ಸೊಸೆ ಒಲ್ಲೆ ಅಂತದೆ. ಏನ್ ತಪ್ ಮಾಡ್ಬುಟ್ಟೆ ಅಂತ ಮೂರು ದಿಸದಿಂದ ಅಳ್ತಾ ಅದೆ. ಅವ್ರು ಒಟ್ಟೆ ಮುಟ್ಟಿ ನೋಡ್ಬುಟ್ಟು ಮಕ ಗಂಟಾಕಂಡ್ರಂತೆ. ಕೂಸ್ಗೆ ಏನೋ ಆಗದೆ, ಯೋಳ್ನಿಲ್ಲ ಅಂತ ಕೂತದೆ.”

ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನಿಂತೆ. ಆ ಹುಡುಗಿ ನನಗೆ ಚೆನ್ನಾಗಿ ನೆನಪಿತ್ತು. ಮಗುವಿನ ತಲೆ ಸರಿಯಾದ ಕಡೆಯೇ ಇತ್ತು, ಎದೆಬಡಿತ ಗಟ್ಟಿಯಾಗಿ ಕೇಳಿತ್ತು. ನನಗೆ ಮನಸ್ಸಿನೊಳಗೆ ಸಂತೋಷವೇ ಆಗಿತ್ತು. ಒಳಗಿನ ಸಂತೋಷ ಹೊರಗೆ ಗಂಟುಮುಖವಾಗಿ ಕಂಡು, ಒಂದು ಹುಡುಗಿ ಮೂರು ದಿನ ಅತ್ತಿದ್ದಳು.

ಅವರು ಹೋದ ಮೇಲೆ ಆಯಾಳನ್ನು ನೇರವಾಗಿ ಕೇಳಿದೆ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ.

“ನಿಮ್ ಕೈ ಒಳ್ಳೇದು ಕಣವ್ವ. ನಾನೂ ನೋಡಿವ್ನಿ. ಮಕ ನೋಡ್ಬುಟ್ರೆ ಎದ್ರಿಕೆ ಆಯ್ತದೆ. ಯಾರೋ ನಿಮ್ಗೆ ಬೈದು ಕಳ್ಸವ್ರೆ, ನೀವು ಅದ ನಮ್ ಮ್ಯಾಲೆ ತೀರ್ಸ್ಕಳಕ್ಕೆ ಬಂದಿವ್ರಿ ಅನ್ನೋ ಅಂಗೆ ಕಾಣ್ತೀರಿ.”

“ಯಾಕೆ ಇಷ್ಟು ದಿನ ಹೇಳಲಿಲ್ಲ?”

“ನಂಗೂ ಎದ್ರಿಕೆನೇಯ,” ಅಂದಳು. ಅಂದು ನಕ್ಕಳು. ನನಗೆ ಅಳು ಬಂತು.

ಅದೇ ತಿಂಗಳು ಅಪ್ಪನ ಕಾಗದ ಬಂತು. ನಂಜನಗೂಡಿನ ಕಡೆಯ ಒಂದು ಮನೆಯವರು ಹುಡುಗಿಯ ಫೋಟೋ ಕೇಳಿದ್ದಾರೆ, ಕೊಳ್ಳೇಗಾಲಕ್ಕೆ ಹೋಗಿ ಒಂದು ಒಳ್ಳೆಯ ಫೋಟೋ ತೆಗೆಸಿ ಕಳಿಸು ಅಂತ ಬರೆದಿದ್ದರು. ಔಷಧಿ ತರಲು ತಿಂಗಳಿಗೆ ಎರಡು ಸಲ ಹೇಗೂ ನಾನು ಕೊಳ್ಳೇಗಾಲಕ್ಕೆ ಹೋಗುತ್ತಿದ್ದೆ. ಮುಂದಿನ ಸಲ ಹೋಗುವಾಗ ಚೀಲದಲ್ಲಿ ಅವ್ವನ ಹಸಿರು ರೇಷ್ಮೆ ಸೀರೆ ಇಟ್ಟುಕೊಂಡೆ.

ಸ್ಟುಡಿಯೋ ಇದ್ದದ್ದು ರೇಷ್ಮೆ ಸೀರೆ ಅಂಗಡಿಗಳ ಬೀದಿಯಲ್ಲಿ, ಒಂದು ಮಹಡಿಯ ಮೇಲೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಗಂಡ ಕೊಯಮತ್ತೂರಿನಲ್ಲಿ ಕೆಲಸ ಕಲಿತವರು, ತೆಳ್ಳಗೆ, ಯಾವಾಗಲೂ ಬೆರಳಿಗೆ ಕಂದು ಕಲೆ. ಮಾತಿನ ಮಧ್ಯೆ ತಮಿಳು ನುಸುಳುತ್ತಿತ್ತು. ಹೆಂಡತಿಗೆ ನಲವತ್ತರ ಆಸುಪಾಸು, ಕೊಳ್ಳೇಗಾಲದವರೇ. ಒಳಗಿನ ಕಿಟಕಿಯ ಪಕ್ಕ ಇಳಿಜಾರಾದ ಒಂದು ಮೇಜು, ಅದರ ನಡುವೆ ಗಾಜು, ಗಾಜಿನ ಕೆಳಗೆ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಅದರ ಮೇಲೆ ನೆಗೆಟಿವ್ ಇಟ್ಟು, ಚೂಪು ಪೆನ್ಸಿಲಿನಿಂದ ಸಣ್ಣ ಸಣ್ಣ ಚುಕ್ಕೆ ಇಟ್ಟು ಮೊಡವೆ, ಕಲೆ, ಸುಕ್ಕು ಮರೆಸುವುದು ಅವರ ಕೆಲಸ. ಹೆಂಗಸರು ಫೋಟೋಗೆ ಬಂದರೆ ಸೆರಗು ಸರಿಮಾಡಿ ಕೂರಿಸುವುದೂ ಅವರೇ.

ಹಿಂದೆ ಕೊಳ, ಹಂಸ ಬರೆದ ಪರದೆ. ಮುಂದೆ ಮೂರು ಕಾಲಿನ ಮೇಲೆ ದೊಡ್ಡ ಕ್ಯಾಮೆರಾ. ಅವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಹೊರಗೆ ಬಂದು, ಮತ್ತೆ ತೂರಿಸಿ ನೋಡಿದರು. “ಕೊಂಜ ನಗಮ್ಮ,” ಅಂದರು. ನಾನು ತುಟಿಗಳನ್ನು ಇನ್ನಷ್ಟು ಬಿಗಿದು, ಎರಡು ಕೊನೆಗಳನ್ನು ಅತ್ತಿತ್ತ ಎಳೆದೆ. ಅವರು ಕೈಯಲ್ಲಿದ್ದ, ಕ್ಯಾಮೆರಾದ ಕಣ್ಣು ತೆರೆಸುವ ರಬ್ಬರ್ ಉಂಡೆಯನ್ನು ಅದುಮಿದರು. ಮುಗಿಯಿತು.

ಎರಡು ವಾರ ಬಿಟ್ಟು ಹೋದಾಗ ಅವರು ಫೋಟೋ ಕೊಡಲಿಲ್ಲ. ಗಂಡ ಏನೋ ನೆಪ ಹೇಳಿ ಕತ್ತಲೆ ಕೋಣೆಗೆ ಹೋಗಿಬಿಟ್ಟರು. ಹೆಂಡತಿ ನನ್ನನ್ನು ಒಳಗೆ ಕರೆದು ಮಣೆ ಹಾಕಿ ಕೂರಿಸಿ, ಫೋಟೋ ನನ್ನ ಮುಂದಿಟ್ಟರು.

“ಇದನ್ನ ಕಳಿಸ್ಬೇಡ ತಾಯಿ,” ಅಂದರು. “ಎರಡು ದಿನ ಇದರ ಮುಂದೆ ಕೂತಿದೀನಿ. ಕಲೆ ಇದ್ದರೆ ಪೆನ್ಸಿಲಲ್ಲಿ ಮುಚ್ತೀನಿ. ಕಣ್ಣಿನ ಕೆಳಗೆ ಕಪ್ಪಿದ್ದರೆ ತೆಗೀತೀನಿ. ಬಿಗಿದ ದವಡೆಗೆ ನನ್ನ ಹತ್ತಿರ ಪೆನ್ಸಿಲಿಲ್ಲ.”

ಫೋಟೋದಲ್ಲಿದ್ದವಳು ಯಾರನ್ನೋ ಜೈಲಿಗೆ ಕಳಿಸಲು ಕೂತ ಹಾಗಿದ್ದಳು. ಆಯಾ ಹೇಳಿದ್ದು, ಆ ಹುಡುಗಿ ಅತ್ತದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಗುರುತಿಲ್ಲದ ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ‘ಅಲ್ಲುಬ್ಬಿ’ ಅನ್ನುವ ಮಾತನ್ನು ಮೊದಲ ಸಲ ನನ್ನ ಬಾಯಿಂದಲೇ ಹೇಳಿದೆ.

ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಎದ್ದು ಹೋಗಿ ಹಳೆಯ ಫೋಟೋಗಳ ಒಂದು ಡಬ್ಬ ತಂದರು. ಜನ ತಗೊಂಡು ಹೋಗದೆ ಉಳಿದವು. ಅದರಿಂದ ಎರಡು ಆರಿಸಿ, ಎರಡರಲ್ಲೂ ಮೂಗಿನ ಕೆಳಗಿನ ಅರ್ಧವನ್ನು ಬಿಳಿ ಕಾಗದದಿಂದ ಮುಚ್ಚಿದರು.

“ಯಾರು ನಗ್ತಾ ಅವ್ರೆ, ಹೇಳು.”

ನಾನು ನೋಡಿದೆ. ಬಲಗಡೆಯ ಮುದುಕಿಯ ಕೆಳರೆಪ್ಪೆ ಸ್ವಲ್ಪ ಮೇಲಕ್ಕೆ ಉಬ್ಬಿತ್ತು, ಕಣ್ಣಿನ ಕೊನೆಯಲ್ಲಿ ಗೆರೆಗಳಿದ್ದವು. ಎಡಗಡೆಯ ಗಂಡಸಿನ ಕಣ್ಣು ಗೋಲಿಯ ಹಾಗೆ ಬರಿದಾಗಿತ್ತು. “ಅಜ್ಜಿ,” ಅಂದೆ. ಅವರು ಕಾಗದ ತೆಗೆದರು. ಗಂಡಸು ಬಾಯಿ ಅಗಲಿಸಿ ಹಲ್ಲು ತೋರಿಸಿದ್ದ. ಅಜ್ಜಿಯ ಬಾಯಿ ಬರೀ ಒಂದು ಎಳೆಯಷ್ಟು ಬಿರಿದಿತ್ತು, ಅದರಲ್ಲೂ ಒಂದೇ ಹಲ್ಲು.

“ಬಾಯಿನ ಯಾರು ಬೇಕಾದರೂ ಎಳೀಬೋದು,” ಅಂದರು. “ಕೆನ್ನೆ ಮೇಲಕ್ಕೆ ಬಂದು ಕಣ್ಣನ್ನ ಮುಟ್ಟಬೇಕು. ಅದು ಹೇಳಿಸ್ಕೊಂಡು ಬರೋದಲ್ಲ. ಬರೋಕೆ ದಾರಿ ಬಿಡಬೇಕು. ನಿನ್ನ ಮುಖದಲ್ಲಿ ದಾರಿನೇ ಇಲ್ಲವಲ್ಲ, ಎಲ್ಲಾ ಕಡೆ ಬೀಗ.”

ಆಮೇಲೆ ಅವರು ಕೊಟ್ಟ ಮೊದಲ ಪಾಠ ನನಗೆ ವಿಚಿತ್ರವಾಗಿ ಕಂಡಿತು. ಒಂದು ತಿಂಗಳು ನಗಲೇಬಾರದು ಅಂದರು. ದಿನಾ ಬೆಳಗ್ಗೆ ಸಂಜೆ ಕನ್ನಡಿಯ ಮುಂದೆ ಕೂತು ಮುಖವನ್ನು ಸುಮ್ಮನೆ ಬಿಡುವುದನ್ನು ಕಲಿಯಬೇಕು. ಭುಜ ಒಂದು ಸಲ ಎತ್ತಿ ಕೆಳಕ್ಕೆ ಬಿಡು. ಕಿವಿಯ ಮುಂದೆ, ಅಗಿಯುವಾಗ ಉಬ್ಬುವ ಜಾಗವನ್ನು ಬೆರಳಿನಿಂದ ಮೆಲ್ಲಗೆ ತೀಡು. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ತಾಕಬಾರದು, ನಡುವೆ ಒಂದು ಅಕ್ಕಿಕಾಳು ಹಿಡಿಯುವಷ್ಟು ಜಾಗವಿರಲಿ. ನಾಲಗೆಯನ್ನು ಬಿಗಿಹಿಡಿಯಬೇಡ. ಉಸಿರು ಎಳೆದುಕೋ, ನಿಧಾನವಾಗಿ ಬಾಯಿಂದ ಬಿಡು. ತುಟಿ ಮುಚ್ಚಿದರೆ ಮುಚ್ಚಲಿ, ಬಿರಿದರೆ ಬಿರಿಯಲಿ, ಅದರ ಪಾಡಿಗೆ ಬಿಡು.

“ಹಲ್ಲು ಕಾಣುತ್ತದಲ್ಲ ಅಕ್ಕ,” ಅಂದೆ.

“ಕಾಣ್ಲಿ. ಹಲ್ಲಿರೋರ್ಗೆ ಹಲ್ಲು ಕಾಣ್ತದೆ.”

ಹನೂರಿನ ನನ್ನ ಕೋಣೆಯಲ್ಲಿ ಗೋಡೆಗೆ ನೇತುಹಾಕಿದ್ದ ಅಂಗೈ ಅಗಲದ ಕನ್ನಡಿಯ ಮುಂದೆ ಅಭ್ಯಾಸ ಶುರುವಾಯಿತು. ಮೊದಲ ವಾರ ತುಟಿ ಬಿಟ್ಟ ಕೂಡಲೇ ಬಟ್ಟೆ ಜಾರಿದ ಹಾಗೆ ನಾಚಿಕೆಯಾಗುತ್ತಿತ್ತು. ಗದ್ದ ತಾನಾಗಿಯೇ ಮೇಲಕ್ಕೆ ಬಂದು ಬಾಗಿಲು ಹಾಕುತ್ತಿತ್ತು. ರಾತ್ರಿ ನಿದ್ದೆಯಲ್ಲೂ ಹಲ್ಲು ಕಚ್ಚುತ್ತೇನೆ ಅನ್ನುವುದು ಆಗಲೇ ಗೊತ್ತಾದದ್ದು. ಬೆಳಗ್ಗೆ ಎದ್ದಾಗ ದವಡೆ ನೋಯುವುದು ಅದಕ್ಕೇ ಅಂತ ಹೊಳೆಯಿತು. ಮೂರನೆಯ ವಾರದಲ್ಲಿ, ಎಷ್ಟೋ ವರ್ಷದಿಂದ ಸಂಜೆಯಾದರೆ ಹಿಡಿಯುತ್ತಿದ್ದ ತಲೆನೋವು ಎರಡು ದಿನ ಬರಲೇ ಇಲ್ಲ. ಅದನ್ನು ಹೇಳಿದಾಗ ಆಯಾ, “ಅದ್ಯಾವ್ ಮಾತ್ರೆ ತಕಂಡ್ರಿ, ನಂಗೂ ಕೊಡಿ,” ಅಂದಳು.

ಎರಡನೆಯ ಪಾಠ ಕಣ್ಣಿನದು. ಕಾಗದದಿಂದ ಬಾಯಿ ಮುಚ್ಚಿಕೊಂಡು ಕನ್ನಡಿಯಲ್ಲಿ ಬರೀ ಕಣ್ಣು ನೋಡಿಕೊಳ್ಳಬೇಕು. ಪ್ರೀತಿಯ ಯಾರನ್ನಾದರೂ, ಅವರು ಮಾಡಿದ ಏನನ್ನಾದರೂ ನೆನೆಸಿಕೊಳ್ಳಬೇಕು. ಕಣ್ಣು ಬದಲಾಗುವುದು ಕಂಡಾಗ ಕಾಗದ ತೆಗೆದು ಬಾಯಿ ಏನು ಮಾಡುತ್ತಿದೆ ಅಂತ ನೋಡಬೇಕು. ನಾನು ಅಪ್ಪನನ್ನು ನೆನೆಸಿಕೊಳ್ಳುತ್ತಿದ್ದೆ. ಅಪ್ಪ ಒಮ್ಮೆ ಹೊಸ ಎತ್ತಿಗೆ ಮುದ್ದಿನಿಂದ ಬೆಲ್ಲ ತಿನ್ನಿಸಲು ಹೋಗಿ, ಅದು ಬೆಲ್ಲದ ಜೊತೆ ಅವರ ಹೆಗಲ ಮೇಲಿನ ಟವಲನ್ನೂ ಅಗಿಯಲು ಶುರುಮಾಡಿ, ಆ ಕಡೆಯಿಂದ ಎತ್ತು, ಈ ಕಡೆಯಿಂದ ಅಪ್ಪ ಎಳೆದಾಡಿದ್ದರು. ಅದು ನೆನಪಾದರೆ ನನ್ನ ಕೆಳರೆಪ್ಪೆ ಉಬ್ಬುತ್ತಿತ್ತು. ಕಾಗದ ತೆಗೆದರೆ ಎರಡು ಹಲ್ಲು ಹೊರಗೆ ನಿಂತು ಎದುರಿಗೆ ನೋಡುತ್ತಿದ್ದವು. ಮೊದಲ ಸಲ ಅವು ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

ಇಷ್ಟು ಬಂದಿತಲ್ಲ ಅನ್ನುವ ಹುರುಪಿನಲ್ಲಿ ಒಂದು ಎಡವಟ್ಟು ಮಾಡಿದೆ.

ಒಬ್ಬ ತಾಯಿ ಜ್ವರದ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ನಾಲ್ಕು ಮೈಲಿ ನಡೆದು ಬಂದಿದ್ದಳು. ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ನಾನು ಎತ್ತು, ಬೆಲ್ಲ, ಟವಲು ಎಲ್ಲ ನೆನೆಸಿಕೊಂಡು ಅಗಲವಾಗಿ ನಕ್ಕೆ. ಅವಳು ಹೊಸ್ತಿಲಲ್ಲೇ ನಿಂತಳು.

“ಕೂಸು ಕೆಂಡ ಸುಟ್ಟಂಗ್ ಸುಡ್ತಾದೆ. ನೀವು ನಗ್ತೀರಲ್ಲವ್ವ.”

ಮಗುವನ್ನು ತಗೊಂಡು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಂಜಿ ಕುಡಿಸಿ, ಡಾಕ್ಟರು ಇದ್ದ ದಿನವಾದ್ದರಿಂದ ತೋರಿಸಿ ಕಳಿಸಿದೆ. ಜ್ವರ ಇಳಿಯಿತು. ಆದರೆ ಅವಳ ಮಾತು ಇಡೀ ದಿನ ಕಿವಿಯಲ್ಲಿತ್ತು. ಗಂಟುಮುಖವೇ ವಾಸಿಯಾಗಿತ್ತು, ಕನ್ನಡಿ ಎತ್ತಿಡುತ್ತೇನೆ ಅಂತ ಸಂಜೆ ಆಯಾಳಿಗೆ ಹೇಳಿದೆ.

ಆಯಾ ವರಾಂಡದಲ್ಲಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. “ನೀವು ಅವ್ಳ ಮಕ ನೋಡ್ನೇ ಇಲ್ಲ ಕಣವ್ವ. ನೋಡೋಕ್ ಮುಂಚೇನೇ ನಕ್ಬುಟ್ರಿ. ಮದ್ಲು ಅವ್ರ ಮಕ ನೋಡಿ. ಅಳೋರ್ ಮುಂದೆ ಸುಮ್ಕೆ ಮಕ ಬುಟ್ಕಂಡು ನಿಂತ್ರೆ ಸಾಕು. ನಗೋ ಟೇಮು ಬಂದ್ರೆ ಅವ್ರೇ ನಗ್ತರೆ, ಆವಾಗ ನೀವೂ ನಗಿ.”

ಹದಿನೈದು ದಿನದ ಮೇಲೆ ಸ್ಟುಡಿಯೋದ ಅಕ್ಕನಿಗೆ ಇದನ್ನು ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟರು.

“ನಿಮ್ಮ ಆಯಾ ಹೇಳಿದ್ದೇ ಸರಿ,” ಅಂದರು. “ನಾನು ಕಲಿಸಿದ್ದು ಕ್ಯಾಮೆರಾ ಮುಂದಿನದು. ಕ್ಯಾಮೆರಾಗೆ ಮನೇಲಿ ಏನೂ ಕಷ್ಟ ಇರಲ್ಲ ನೋಡು.”

ಆಮೇಲೆ ನಾನು ಯಾರು ಬಂದರೂ ಮೊದಲು ಒಂದು ಉಸಿರು ಬಿಡುವುದನ್ನು ಅಭ್ಯಾಸ ಮಾಡಿಕೊಂಡೆ. ಆ ಒಂದು ಉಸಿರಿನಲ್ಲಿ ಭುಜ ಇಳಿಯುತ್ತಿತ್ತು, ಹಲ್ಲು ಬಿಡುತ್ತಿತ್ತು, ಹುಬ್ಬು ಬೇರೆಯಾಗುತ್ತಿತ್ತು. ಎದುರಿನವರ ಮುಖ ನೋಡಲು ಅಷ್ಟು ಹೊತ್ತು ಸಾಕು. ಹೊಟ್ಟೆ ಮುಟ್ಟಿ ನೋಡುವಾಗ ಬಾಯಿಬಿಟ್ಟು ಹೇಳುವುದನ್ನೂ ಕಲಿತೆ: “ಇದು ತಲೆ, ಇದು ಬೆನ್ನು, ಚೆನ್ನಾಗಿದೆ.” ಹೇಳುವಾಗ ಮುಖ ತಾನಾಗಿಯೇ ಆ ಮಾತಿನ ಜೊತೆ ಹೋಗುತ್ತಿತ್ತು. ಬಂದವರು ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಾಡಿ ಹೋಗತೊಡಗಿದರು. ಎರಡನೆಯ ಸಲವೂ ಬಂದರು.

ಮೂರು ದಿನ ಅತ್ತಿದ್ದ ಆ ಹುಡುಗಿಯನ್ನು ಅವಳ ಅತ್ತೆ ಒಂದು ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಬಂದಳು. ಮನೆಯಲ್ಲೇ ನೋವು ಶುರುವಾಗಿ, ಆಯಾಳನ್ನು ಕರೆಯಲು ಬಂದವನಿಗೆ ಆಯಾ, “ನಾನು ಬರಕಿಲ್ಲ, ಇಲ್ಲಿಗೇ ಕರ್ಕಂಬನ್ನಿ, ಈಗ ನಮ್ ನರ್ಸವ್ವ ಮದ್ಲಿನಂಗಿಲ್ಲ,” ಅಂತ ಹೇಳಿ ಕಳಿಸಿದ್ದಳಂತೆ.

ಹುಡುಗಿ ಹೆದರಿ ಕಲ್ಲಾಗಿದ್ದಳು. ನೋವು ಬಂದಾಗಲೆಲ್ಲ ಹಲ್ಲು ಕಚ್ಚಿ, ತುಟಿ ಬಿಗಿದು, ಭುಜ ಕಿವಿಯ ತನಕ ಎತ್ತಿ, ಉಸಿರು ಹಿಡಿದುಬಿಡುತ್ತಿದ್ದಳು. ಒಂದು ಕ್ಷಣ ನನಗೆ ಆ ಸ್ಟುಡಿಯೋದ ಫೋಟೋ ನೋಡಿದ ಹಾಗಾಯಿತು. ತರಬೇತಿಯಲ್ಲಿ ನಮಗೆ ‘ಉಸಿರು ಬಿಡಲು ಹೇಳಬೇಕು’ ಅಂತ ಕಲಿಸಿದ್ದರು. ಹೇಗೆ ಅಂತ ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಅವಳ ಮುಖದ ಹತ್ತಿರ ಕೂತೆ. “ನನ್ನನ್ನೇ ನೋಡು,” ಅಂದೆ. “ಹಲ್ಲು ಬಿಡು, ಹೀಗೆ. ಭುಜ ಕೆಳಗೆ. ಬಾಯಿಂದ ಉಸಿರು ಬಿಡು, ದೀಪ ಆರದ ಹಾಗೆ, ಮೆಲ್ಲಗೆ.” ನಾನು ಮಾಡಿ ತೋರಿಸಿದೆ, ಅವಳು ಮಾಡಿದಳು. ಮತ್ತೆ ನೋವು ಬಂತು, ಮತ್ತೆ ಮಾಡಿದೆವು. ಅವಳ ದವಡೆ ಸಡಿಲಾದ ಹಾಗೆಲ್ಲ ಬಿಗಿ ಹಿಡಿದಿದ್ದ ತೊಡೆಯೂ ಸಡಿಲಾಗುವುದು ನನ್ನ ಕೈಗೆ ಗೊತ್ತಾಗುತ್ತಿತ್ತು. ನಾಲ್ಕು ತಾಸು ಹೀಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಳೆದೆವು. ಬಿಸಿಲು ವರಾಂಡ ದಾಟಿ ಒಳಗೆ ಬರುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ತಕ್ಷಣ ಚೀರಿತು.

ಮಗುವನ್ನು ಒರೆಸಿ ಅವಳ ಎದೆಯ ಮೇಲಿಟ್ಟೆ. ಅವಳು ಮಗುವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿ, “ಅವ್ವ, ನೀವು ನಗ್ತಾ ಇವ್ರಿ,” ಅಂದಳು. ನನಗೆ ಗೊತ್ತೇ ಇರಲಿಲ್ಲ. ಎತ್ತಿನ ನೆನಪಾಗಲೀ ಕನ್ನಡಿಯ ನೆನಪಾಗಲೀ ನನ್ನ ತಲೆಯಲ್ಲಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಕಣ್ಣೊರೆಸಿಕೊಳ್ಳುತ್ತಾ, “ಇಂಥ ಮಕ ಇಟ್ಕಂಡು ಅದ್ಯಾಕವ್ವ ಅಂಗಿದ್ರಿ,” ಅಂತ ಕೇಳಿದಳು. ಹೇಳಲು ಹೋದರೆ ಉದ್ದದ ಕಥೆ. ಬಿಸಿನೀರು ತರಲು ಹೇಳಿ ಕಳಿಸಿದೆ.

ಆ ವಾರವೇ ಕೊಳ್ಳೇಗಾಲಕ್ಕೆ ಹೋಗಿ ಹೆರಿಗೆಯ ಸುದ್ದಿಯನ್ನೆಲ್ಲ ಅಕ್ಕನಿಗೆ ಹೇಳಿದೆ. ಅಷ್ಟರಲ್ಲಿ ಅಪ್ಪನಿಂದ ಎರಡು ಕಾಗದ ಬಂದಿದ್ದವು, ಎರಡರಲ್ಲೂ ಫೋಟೋ ಎಲ್ಲಿ ಅನ್ನುವುದೊಂದೇ ಪ್ರಶ್ನೆ. ಅಕ್ಕ ಹಸಿರು ಸೀರೆಯ ನೆರಿಗೆ ಸರಿಮಾಡಿ, ನನ್ನನ್ನು ಕ್ಯಾಮೆರಾಗೆ ನೆಟ್ಟಗೆ ಅಲ್ಲದೆ ಸ್ವಲ್ಪ ಓರೆಯಾಗಿ ಕೂರಿಸಿದರು. ಹಂಸದ ಪರದೆ ಸುತ್ತಿಟ್ಟು ಬರೀ ಬೂದು ಬಟ್ಟೆ ಬಿಟ್ಟರು. ಅವರ ಯಜಮಾನರು ಕಪ್ಪು ಬಟ್ಟೆಯೊಳಗಿಂದ ಹೊರಬಂದು ನನಗೆ ವಿವರಿಸಿದರು. ಈ ಕ್ಯಾಮೆರಾ ಕಣ್ಣು ತೆರೆದು ಮುಚ್ಚುವುದಕ್ಕೆ ಅರ್ಧ ಸೆಕೆಂಡು ಹಿಡಿಯುತ್ತದೆ. ನಗುವನ್ನು ಮೊದಲೇ ತಂದು ಹಿಡಿದುಕೊಂಡು ಕೂತರೆ ಅದು ಹಳಸಿಹೋಗುತ್ತದೆ. ಕಣ್ಣು ಮುಚ್ಚಿಕೋ, ಉಸಿರು ಬಿಡು, ನಾನು ‘ಹೂಂ’ ಅಂದಾಗ ತೆರೆದು ನಮ್ಮ ಮನೆಯವಳನ್ನು ನೋಡು, ನನ್ನ ಕಡೆ ನೋಡಲೇಬೇಡ ಅಂದರು.

ಕಣ್ಣು ಮುಚ್ಚಿದೆ. ಉಸಿರು ಬಿಟ್ಟೆ. “ಹೂಂ.”

ಅಕ್ಕ ಲೆನ್ಸಿನ ಪಕ್ಕಕ್ಕೇ ಮುಖ ತಂದುಕೊಂಡು ನಿಂತಿದ್ದರು. “ಆ ಮಗೂಗೆ ಕೂದಲು ಎಷ್ಟಿತ್ತು?” ಅಂತ ಕೇಳಿದರು.

ಇಷ್ಟು, ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರಬ್ಬರ್ ಉಂಡೆ ಅದುಮಿದ ಸದ್ದು ಕೇಳಿಸಿತು.

ಫೋಟೋದಲ್ಲಿ ಎರಡು ಹಲ್ಲೂ ಕಾಣುತ್ತಿದ್ದವು. ಅಕ್ಕ ಅದರ ಮೇಲೆ ಒಂದು ಚುಕ್ಕೆ ಪೆನ್ಸಿಲೂ ಇಟ್ಟಿರಲಿಲ್ಲ. ನಾನು ಅದರ ಕೆಳಗಿನ ಅರ್ಧವನ್ನು ಅಂಗೈಯಿಂದ ಮುಚ್ಚಿ ನೋಡಿದೆ, ಮೇಲಿನ ಅರ್ಧವನ್ನು ಮುಚ್ಚಿ ನೋಡಿದೆ. ಎರಡು ಕಡೆಯೂ ಒಬ್ಬಳೇ ಇದ್ದಳು.

ನಂಜನಗೂಡಿನ ಕಡೆಯವರು ಫೋಟೋ ವಾಪಸು ಕಳಿಸಿದರು. ಹುಡುಗಿ ಹಲ್ಲು ಕಾಣುವ ಹಾಗೆ ನಗುತ್ತಾಳೆ, ನಮ್ಮ ಮನೆಗೆ ಆಗಿಬರುವುದಿಲ್ಲ ಅಂದರಂತೆ. ಹಿಂದಾಗಿದ್ದರೆ ಆ ಮಾತಿಗೆ ನಾನು ಒಂದು ವರ್ಷ ಬಾಯಿ ಬಿಡುತ್ತಿರಲಿಲ್ಲ. ಅಪ್ಪನೂ ಅವ್ವನೂ ಏನು ಅಂದುಕೊಂಡಾರು ಅನ್ನುವ ಅಳುಕಿನಲ್ಲೇ ರಜ ಹಾಕಿ ಊರಿಗೆ ಹೋದೆ. ನಡುಮನೆಯ ಗೋಡೆಯ ಮೇಲೆ ಅದೇ ಫೋಟೋ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು.

“ಅವ್ರು ಕಳ್ಸಿದ್ದು ಒಳ್ಳೇದೇ ಆಯ್ತು ಬುಡು,” ಅಂದರು ಅಪ್ಪ. “ಇನ್ನೊಂದು ಕಾಪಿ ತೆಗ್ಸೋದು ತಪ್ತು. ನೀನು ಎಂಟೊಂಬತ್ತು ವರ್ಸದ ಕೂಸಾಗಿದ್ದಾಗ ಇಂಗೇ ನಗ್ತಿದ್ದೆ. ಆಮ್ಯಾಕೆ ಎಲ್ಲಿಗೋಯ್ತೋ ಅಂತಿದ್ದೆ.”

ಆ ಹಳೆಯ ಮಾತನ್ನು ಅಪ್ಪನಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಸೋದರಮಾವನ ಮಗ ಆಗ ಎರಡು ಮಕ್ಕಳ ತಂದೆ, ನನ್ನನ್ನು ಕಂಡರೆ ಬಹಳ ಅಕ್ಕರೆ.

ಮುಂದಿನ ವರ್ಷ ಇನ್ನೊಂದು ಕಡೆಯಿಂದ ಪ್ರಸ್ತಾಪ ಬಂತು. ಹುಡುಗ ಯಳಂದೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಈ ಸಲ ಅವರ ಫೋಟೋವೂ ನಮ್ಮ ಮನೆಗೆ ಬಂದಿತ್ತು. ಕೋಟು, ಬಿಗಿದ ಗುಂಡಿ, ನೆಟ್ಟಗೆ ನಿಲ್ಲಿಸಿದ ಕತ್ತು, ಕ್ಯಾಮೆರಾವನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ ನೋಡುವ ಕಣ್ಣು. ಅವ್ವ ನೋಡಿ, “ಒಡೀತಾನೇನೋ ಕಣೆ,” ಅಂದಳು. ನಾನು ಫೋಟೋದ ದವಡೆಯನ್ನು ನೋಡಿದೆ, ಭುಜವನ್ನು ನೋಡಿದೆ, ಕೆಳಗಿನ ಅರ್ಧ ಮುಚ್ಚಿ ಕಣ್ಣು ನೋಡಿದೆ. ಹೆದರಿಕೆ ಕಂಡಿತು, ಕೋಪ ಕಾಣಲಿಲ್ಲ.

“ಅಪ್ಪ, ಅವರಿಗೆ ಕೊಳ್ಳೇಗಾಲದ ಆ ಸ್ಟುಡಿಯೋದಲ್ಲಿ ಇನ್ನೊಂದು ಫೋಟೋ ತೆಗೆಸಲು ಹೇಳಿ,” ಅಂದೆ.

ಹುಡುಗನ ಕಡೆಯವರಿಗೆ ಹೀಗೆಲ್ಲ ಹೇಳಿ ಕಳಿಸುವುದುಂಟೇ ಅಂತ ಅವ್ವ ಗೊಣಗಿದಳು. ಅಪ್ಪ ಮಾತ್ರ ಸಂತೆಯ ದಿನ ಸಿಕ್ಕಿದ ಮೇಷ್ಟ್ರಿಗೆ ನೇರವಾಗಿಯೇ ಹೇಳಿದರಂತೆ. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ಸೈಕಲ್ಲು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ, ಮಹಡಿ ಹತ್ತಿ, ತಮ್ಮನ್ನು ಯಾರು ಯಾಕೆ ಕಳಿಸಿದರು ಅಂತ ಅಕ್ಕನಿಗೆ ಒಪ್ಪಿಸಿದರು. ಅಕ್ಕ ಅವರನ್ನು ಎರಡು ತಾಸು ಕೂರಿಸಿಕೊಂಡು ಭುಜ ಎತ್ತಿಸಿ ಇಳಿಸಿ, ಉಸಿರು ಬಿಡಿಸಿ, ಕೊನೆಗೆ, “ಶಾಲೇಲಿ ನಿಮಗೆ ನಗು ತಡಿಯಕ್ಕಾಗದೆ ಹೋದ ದಿನ ಯಾವುದು ಮೇಷ್ಟ್ರೇ?” ಅಂತ ಕೇಳಿದರಂತೆ. ಅದಕ್ಕೆ ಅವರು ಏನು ಹೇಳಿದರೋ, ಫೋಟೋ ನಮ್ಮ ಮನೆಗೆ ಬಂದಾಗ ಅವ್ವನೇ ಮೊದಲು, “ಇವನಾ ಅವ್ನು?” ಅಂತ ಕೇಳಿದಳು.

ಹೆಣ್ಣು ನೋಡಲು ಬಂದ ದಿನ ಇಬ್ಬರಿಗೂ ಮಾತಾಡಲು ಹಿತ್ತಿಲ ಬಾಗಿಲ ಹತ್ತಿರ ಐದು ನಿಮಿಷ ಬಿಟ್ಟರು. ಅವರು ಮತ್ತೆ ಬಿಗಿದುಕೊಂಡು ನಿಂತಿದ್ದರು. ನಾನೂ ಬಿಗಿದುಕೊಂಡಿದ್ದೆ. ಇಬ್ಬರೂ ಒಂದೇ ಸಲ ಉಸಿರು ಬಿಟ್ಟೆವು, ಭುಜ ಇಳಿಸಿದೆವು. ಅದು ಇಬ್ಬರಿಗೂ ಕಂಡುಹೋಯಿತು.

“ನಿಮಗೂ ಅಕ್ಕಿಕಾಳು ಹೇಳಿದ್ದರಾ?” ಅಂತ ಅವರು ಕೇಳಿದರು.

ಮದುವೆ ಯಳಂದೂರಿನಲ್ಲೇ ಆಯಿತು. ಸ್ಟುಡಿಯೋದವರು ಇಬ್ಬರೂ ಬಂದಿದ್ದರು, ಆಯಾ ಹನೂರಿನಿಂದ ಬಂದಿದ್ದಳು. ಚಪ್ಪರದ ಕೆಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವಾಗ, ನೆಂಟರೆಲ್ಲ ಉಸಿರು ಹಿಡಿದು ಕಂಬದ ಹಾಗೆ ನಿಂತರು. ಅಕ್ಕ ಕ್ಯಾಮೆರಾ ಪಕ್ಕದಲ್ಲಿ ನಿಂತು ಒಬ್ಬೊಬ್ಬರಿಗೂ ಏನಾದರೂ ಕೇಳುತ್ತಾ ಹೋದರು. ಅಪ್ಪನ ಸರದಿ ಬಂದಾಗ, ಎತ್ತು ಟವಲು ತಿಂದದ್ದು ನಿಜವೇ ಅಂತ ಕೇಳಿದರು. ಅಪ್ಪ ನನ್ನ ಕಡೆ ತಿರುಗಿ, “ಅದ್ನೂ ಯೋಳಿದ್ದೀಯಾ,” ಅಂದರು. ಆ ಹೊತ್ತಿಗೇ ಉಂಡೆ ಅದುಮಿದ್ದು.

ಆ ಫೋಟೋದಲ್ಲಿ ಅಪ್ಪನ ಮುಖ ಅರ್ಧವೇ ಕಾಣುತ್ತದೆ. ನಕ್ಕು ನಕ್ಕು ನನ್ನ ಕಣ್ಣು ಪೂರ್ತಿ ಮುಚ್ಚಿಹೋಗಿದೆ. ಇನ್ನೊಂದು ತೆಗೆಯುತ್ತೇನೆ ಅಂತ ಸ್ಟುಡಿಯೋದವರು ಎಷ್ಟು ಹೇಳಿದರೂ ನಮ್ಮ ಯಜಮಾನರು ಬೇಡ, ಇದೇ ಇರಲಿ ಅಂದರು. ಊಟಕ್ಕೆ ಎಲೆ ಹಾಕಿಯಾಗಿತ್ತು, ಎಲ್ಲರೂ ಹೋಗಿ ಕೂತೆವು.